ಝೀರೋ ಡೆಪ್ ಇದೆ ಅಂತ ಗೀರಿಗೂ ಕ್ಲೇಮು ಮಾಡ್ತೀರಾ?

ನನ್ನ 1200 ಸಿಸಿ ಕಾರಿಗೆ ನಾಲ್ಕು ವರ್ಷ ದಾಟಿದೆ. ಇನ್ಶೂರೆನ್ಸ್‌ನಲ್ಲಿ ಝೀರೋ ಡೆಪ್‌ಗೆ 3,000 ರೂಪಾಯಿ ಜಾಸ್ತಿ ಕೇಳುತ್ತಿದ್ದಾರೆ. ಕಟ್ಟಲೇ ಬೇಕಾ?

ಸಿಟಿಯಲ್ಲಿ ದಿನಾ ಓಡಿಸುವವರಾದರೆ ಕಟ್ಟಿ. ಭಾಗಗಳು ಹಳೆಯದಾಗಿವೆ ಅಂತ ವಿಮಾ ಕಂಪನಿ ಬಿಲ್ಲಿನಲ್ಲಿ ಮಾಡುವ ಕಡಿತವನ್ನು ತಪ್ಪಿಸುವ ಕವರ್ ಅದು. ಮುಂಭಾಗ ಗುದ್ದಿಕೊಂಡು 42,000 ಬಿಲ್ ಬಂತು ಅಂದುಕೊಳ್ಳೋಣ. ಅದರಲ್ಲಿ ಬಂಪರ್, ಹೆಡ್‌ಲೈಟ್ 16,000. ಪ್ಲಾಸ್ಟಿಕ್ ಅಂದರೆ ಕಾರು ಎಷ್ಟೇ ಹೊಸದಿರಲಿ ಅರ್ಧ ಕಡಿತ, 8,000 ಹೋಯಿತು. ಬಾನೆಟ್ಟು, ಫೆಂಡರ್ 12,000. ನಾಲ್ಕರಿಂದ ಐದು ವರ್ಷದ ಕಾರಿನ ಲೋಹದ ಭಾಗಕ್ಕೆ ಶೇ. 35 ಕಡಿತ, ಅಂದರೆ 4,200. ಪೇಂಟಿಂಗ್ 8,000. ಅದರ ಕಾಲು ಭಾಗವನ್ನು ಬಣ್ಣದ ಬೆಲೆ ಅಂತ ಹಿಡಿದು ಅರ್ಧ ಕಳೆಯುತ್ತಾರೆ, 1,000. ಬಿಲ್ಲಿನಲ್ಲಿ ಉಳಿದ 6,000 ಕೂಲಿ, ಅದಕ್ಕೆ ಕಡಿತವಿಲ್ಲ. ಒಟ್ಟು 13,200 ನಿಮ್ಮ ಜೇಬಿನಿಂದ. ಝೀರೋ ಡೆಪ್ ಇದ್ದರೆ ಇದಿಷ್ಟೂ ಉಳಿಯುತ್ತದೆ.

ಆದರೆ ಶೋರೂಮಿನವರು ಹೇಳುವ ‘ಒಂದು ಪೈಸೆನೂ ಕೊಡೋದು ಬೇಡ ಸಾರ್’ ಶುದ್ಧ ಸುಳ್ಳು. ಪ್ರತಿ ಕ್ಲೇಮಿನಲ್ಲೂ ಕಡ್ಡಾಯ ಕಡಿತದ 1,000 ನೀವೇ ಕೊಡಬೇಕು. 1500 ಸಿಸಿ ದಾಟಿದ ಕಾರಿಗೆ ಅದು 2,000. ಆಯಿಲ್, ಕೂಲೆಂಟ್, ನಟ್ಟು-ಬೋಲ್ಟಿನ ಖರ್ಚಿಗೆ ಕನ್ಸ್ಯೂಮಬಲ್ಸ್ ಕವರ್ ಬೇರೆ ಇರಬೇಕು. ವರ್ಷಕ್ಕೆ ಎಷ್ಟು ಕ್ಲೇಮು ಅನ್ನುವುದಕ್ಕೂ ಹೆಚ್ಚಿನ ಪಾಲಿಸಿಗಳಲ್ಲಿ ಮಿತಿ ಇರುತ್ತದೆ, ಸಾಮಾನ್ಯವಾಗಿ ಎರಡು. ಸಹಿ ಹಾಕುವ ಮುಂಚೆ ಓದಿ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಬಂಪರ್ ಮೇಲೆ ಗೀರು ಬಿದ್ದು 4,500 ಖರ್ಚು ಬಂದರೂ ಕ್ಲೇಮು ಹಾಕಿಬಿಡುತ್ತೀರಿ. ಉಳಿಯುವುದು 3,500. ಐದು ವರ್ಷ ಕ್ಲೇಮಿಲ್ಲದೆ ಕಳೆದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 50 ನೋ ಕ್ಲೇಮ್ ಬೋನಸ್ ಸಿಗುತ್ತದೆ. ಆ ಪ್ರೀಮಿಯಂ 10,000 ಇದ್ದರೆ ಒಂದು ಗೀರಿನ ಕ್ಲೇಮಿಗೆ ಮುಂದಿನ ವರ್ಷದ 5,000 ರಿಯಾಯಿತಿ ಕಳೆದುಕೊಂಡಿರಿ. ಮತ್ತೆ ಶೇ. 20ರಿಂದ ಶುರು. ಇಂಥದ್ದಕ್ಕೆ ಸುಮ್ನೆ ಕೈಯಿಂದ ಕೊಟ್ಟು ಮಾಡಿಸಿಕೊಳ್ಳಿ. ಬೋನಸ್ ಉಳಿಸುವ ಕವರ್ ಬೇರೆಯೇ ಇದೆ. ಶೇ. 45–50 ಬೋನಸ್ ಇರುವವರಿಗೆ ಮಾತ್ರ ಅದನ್ನು ತೆಗೆದುಕೊಳ್ಳಿ ಅನ್ನುತ್ತೇನೆ.

ಕಾರು ಕಳವಾದರೆ ಝೀರೋ ಡೆಪ್‌ನಿಂದ ಪೂರ್ತಿ ದುಡ್ಡು ಬರುತ್ತಾ?

ಇಲ್ಲ. ಪಾಲಿಸಿಯಲ್ಲಿ ಬರೆದ ಐಡಿವಿ, ಅಂದರೆ ಕಾರಿನ ಈಗಿನ ಬೆಲೆ ಅಂತ ಹಿಡಿದ ಮೊತ್ತ, ಅಷ್ಟೇ ಬರುತ್ತದೆ. ಖರೀದಿ ಬಿಲ್ಲಿನ ಮೊತ್ತ ಬೇಕಾದರೆ ರಿಟರ್ನ್ ಟು ಇನ್‌ವಾಯ್ಸ್ ಬೇಕು. ಅದೂ ಹೊಸ ಕಾರಿಗೆ ಮಾತ್ರ ಅರ್ಥವಿರುವ ಕವರ್.

ಮಳೆನೀರಿನಲ್ಲಿ ಗಾಡಿ ನಿಂತರೆ ಎಂಜಿನ್ ಕವರ್ ಬೇಕಾ?

ಬೆಂಗಳೂರಿನ ಅಂಡರ್‌ಪಾಸ್‌ಗಳಲ್ಲಿ ಓಡಾಡುವವರಿಗೆ ಬೇಕು. ಎಂಜಿನ್ನಿಗೆ ನೀರು ನುಗ್ಗಿ ಕನೆಕ್ಟಿಂಗ್ ರಾಡ್ ಬಗ್ಗಿದರೆ ಝೀರೋ ಡೆಪ್ ಕೆಲಸಕ್ಕೆ ಬರುವುದಿಲ್ಲ. ಕವರ್ ಇದ್ದರೂ ನೀರಲ್ಲಿ ನಿಂತ ಗಾಡಿಯ ಕೀ ತಿರುಗಿಸಬೇಡಿ, ಟೋ ಮಾಡಿಸಿ. ಮತ್ತೆ ಮತ್ತೆ ಸ್ಟಾರ್ಟ್ ಮಾಡಿದ್ದು ಗೊತ್ತಾದರೆ ಸರ್ವೇಯರ್ ಅದನ್ನೇ ಹಿಡಿದು ಜಗ್ಗುತ್ತಾರೆ.