25 k6 ಶಾಫ್ಟ್ ಡ್ರಾಯಿಂಗ್: ಟರ್ನರ್ ಹತ್ತಿರ ಹೋಗುವ ಮುಂಚೆ

"ಅಣ್ಣಂದಿರೇ, ಡಿಪ್ಲೊಮಾ ಕ್ಲಾಸಲ್ಲಿ ಕೊಟ್ಟ ಹ್ಯಾಂಡ್‌ಔಟ್‌ನಲ್ಲಿ ಈ ಶಾಫ್ಟ್ ಇದೆ. ನಮ್ಮ ಮೇವು ಕತ್ತರಿಸುವ ಮೆಷಿನ್ ಶಾಫ್ಟೂ ಹೀಗೇ, ಬೇರಿಂಗ್ 6205. ಕೀ ವೇ ಎಡ ತುದಿಯಲ್ಲಿದೆ, ಅದರ ವೃತ್ತ ಮಾತ್ರ ಬಲಗಡೆ ಬರೆದಿದ್ದಾರೆ. ಬೇರಿಂಗ್ ಜಾಗದಲ್ಲಿ 25 k6, ಮಧ್ಯದಲ್ಲಿ ಬರೀ 120, ಕೆಳಗೆ ಕಂಸದಲ್ಲಿ 249. ಟರ್ನರ್‌ಗೆ ಏನಂತ ಹೇಳಲಿ? ಮಾಲೂರು ಹತ್ತಿರ ಇದ್ದೀವಿ."

ಮೊದಲು ವೃತ್ತದ ವಿಷಯ. ಮೇಲೆ ಒಬ್ಬರು "ಪ್ರಿಂಟ್ ತಪ್ಪಾಗಿದೆ, ವೃತ್ತ ಎಡಗಡೆ ಇರಬೇಕಿತ್ತು" ಅಂತ ಬರೆದಿದ್ದಾರೆ. ಅವರು ನೋಡಿರೋದು ಅಮೆರಿಕದ ಕಂಪನಿಗಳ ಡ್ರಾಯಿಂಗ್ ಅಂತ ಕಾಣುತ್ತೆ. ಅಂಥ ಡ್ರಾಯಿಂಗ್‌ಗೆ ಅವರ ಮಾತು ಸರಿ. ಆದರೆ ನಮ್ಮ ದೇಶದ ಕಾಲೇಜು, ಐಟಿಐಗಳಲ್ಲಿ ಕಲಿಸೋದು ಫಸ್ಟ್ ಆ್ಯಂಗಲ್ ಪದ್ಧತಿ. ಅದರಲ್ಲಿ ಎಡಗಡೆಯಿಂದ ನೋಡಿದಾಗ ಕಾಣೋದನ್ನ ಬಲಗಡೆ ಬರೀತಾರೆ, ಮೇಲಿನಿಂದ ಕಾಣೋದನ್ನ ಕೆಳಗೆ ಬರೀತಾರೆ. ನಿಮ್ಮ ಹಾಳೆಯ ಕೆಳಗೆ ಹೆಸರು, ಸ್ಕೇಲ್ ಇರೋ ಚೌಕದಲ್ಲಿ ಒಂದು ತುದಿ ಕತ್ತರಿಸಿದ ಕೋನ್, ಪಕ್ಕದಲ್ಲಿ ಎರಡು ವೃತ್ತ ಇರೋ ಚಿಕ್ಕ ಗುರುತು ಇದೆ ನೋಡಿ. ವೃತ್ತಗಳು ಕೋನ್‌ನ ದಪ್ಪ ತುದಿಯ ಕಡೆ ಇದ್ದರೆ ಫಸ್ಟ್ ಆ್ಯಂಗಲ್. ಸಣ್ಣ ತುದಿಯ ಕಡೆ ಇದ್ದರೆ ಥರ್ಡ್ ಆ್ಯಂಗಲ್, ಅಂದರೆ ಅವರು ಹೇಳಿದ್ದು. ನೀವು ಹಾಕಿರೋ ಫೋಟೋದಲ್ಲಿ ದಪ್ಪ ತುದಿಯ ಕಡೆಯೇ ಇವೆ.

ಗುರುತು ಅಳಿಸಿ ಹೋಗಿದ್ದರೂ ಈ ಡ್ರಾಯಿಂಗ್‌ನಲ್ಲಿ ಇನ್ನೊಂದು ಸಾಕ್ಷಿ ಇದೆ. ವೃತ್ತದಲ್ಲಿ ಕೀ ವೇ ಗೆರೆ ಪೂರ್ತಿ ಗೆರೆ, ಚುಕ್ಕಿ ಚುಕ್ಕಿ ಅಲ್ಲ. ಅಂದರೆ ನೋಡ್ತಿರೋದು ಕೀ ವೇ ಇರೋ ತುದಿಯಿಂದಲೇ. ಥ್ರೆಡ್ ಇರೋ ಬಲ ತುದಿಯಿಂದ ನೋಡಿದ್ದರೆ ಮಧ್ಯದ 32ರ ದಪ್ಪ ಭಾಗ ಅಡ್ಡ ಬಂದು ಕೀ ವೇ ಮರೆಯಾಗುತ್ತಿತ್ತು. ಶಾಫ್ಟ್‌ನಲ್ಲಿ ಇದನ್ನ ತಪ್ಪು ಓದಿದರೂ ನಷ್ಟ ಕಡಿಮೆ, ಕೀ ವೇ ಯಾವ ತುದಿ ಅನ್ನೋದು ಮುಖ್ಯ ಚಿತ್ರದಲ್ಲೇ ಕಾಣುತ್ತೆ. ಬ್ರಾಕೆಟ್ ಥರದ ಕೆಲಸದಲ್ಲಿ ಮಾತ್ರ ತೂತು ಎಡದ ಬದಲು ಬಲಕ್ಕೆ ಬಿದ್ದು ಇಡೀ ಪೀಸ್ ಗುಜರಿಗೆ ಹೋಗುತ್ತೆ.

ಈಗ ಬರೀ 120. ಪಕ್ಕದಲ್ಲಿ ಏನೂ ಬರೆದಿಲ್ಲ ಅಂದರೆ ಎಷ್ಟಾದರೂ ನಡೆಯುತ್ತೆ ಅಂತಲ್ಲ. ಅದೇ ಕೆಳಗಿನ ಚೌಕದಲ್ಲಿ ISO 2768-m ಅಂತ ಒಂದು ಸಾಲಿದೆ. ಟಾಲರೆನ್ಸ್ ಬರೆಯದ ಅಳತೆಗಳಿಗೆಲ್ಲ ಅದು ಅನ್ವಯ. ಅದರ ಪ್ರಕಾರ 6ರಿಂದ 30 ಮಿ.ಮೀ. ತನಕ 0.2 ಹೆಚ್ಚು ಕಡಿಮೆ ಆಗಬಹುದು, 30 ದಾಟಿ 120ರ ತನಕ 0.3, ಅದರ ಮೇಲೆ 400ರ ತನಕ 0.5.

ಕಂಸದ 249 ಯಾಕೆ ಅಂತ ಇಲ್ಲೇ ಗೊತ್ತಾಗುತ್ತೆ. ಎಡದಿಂದ ಉದ್ದಗಳು 45, 17, 120, 17, 50. ಕೂಡಿದರೆ 249 ಸರಿಯಾಗಿ ಬರುತ್ತೆ. ಆದರೆ ಒಂದೊಂದಕ್ಕೂ ಸಿಗುವ ರಿಯಾಯಿತಿ ಕೂಡಿ ನೋಡಿ: 0.3, 0.2, 0.3, 0.2, 0.3. ಒಟ್ಟು 1.3. ಎಲ್ಲ ಭಾಗವೂ ಸರಿ ಇದ್ದುಕೊಂಡೇ ಶಾಫ್ಟ್ 250.3 ಆಗಬಹುದು. ಕಂಸ ಇಲ್ಲದೆ 249 ಅಂತ ಬರೆದಿದ್ದರೆ ಅದಕ್ಕೆ ಸಿಗೋದು 0.5 ಮಾತ್ರ, ಆಗ ಎರಡು ಅಳತೆ ಒಂದಕ್ಕೊಂದು ಜಗಳಕ್ಕೆ ಬೀಳುತ್ತವೆ. ಅದಕ್ಕೇ ಕಂಸ. ಸಾಮಾನು ಕತ್ತರಿಸೋಕೆ ಅಂದಾಜು ಸಿಗಲಿ ಅಂತ ಕೊಟ್ಟಿರೋದು, ಅದನ್ನ ಚೆಕ್ ಮಾಡಿ ಪೀಸ್ ವಾಪಸ್ ಕಳಿಸೋ ಹಾಗಿಲ್ಲ. ಟರ್ನರ್ ನಿಜವಾಗಿ ಕಾಪಾಡಬೇಕಿರೋದು 120. ಎರಡು ಬೇರಿಂಗೂ ಆ ದಪ್ಪ ಭಾಗದ ಎರಡು ಪಕ್ಕಕ್ಕೆ ಒತ್ತಿ ಕೂರುತ್ತವೆ. ಅದು ಉದ್ದವಾದರೆ ಬೇರಿಂಗ್‌ಗಳು ಹೌಸಿಂಗ್ ಜಾಗಕ್ಕೆ ಹೊಂದದೆ ಪಕ್ಕಕ್ಕೆ ತಳ್ಳಿಸಿಕೊಂಡು ತಿರುಗುತ್ತವೆ.

ಹ್ಯಾಂಡ್‌ಔಟ್ ಉದ್ದಗಳನ್ನ ನಿಮ್ಮ ಮೆಷಿನ್‌ಗೆ ಹಾಗೇ ಹಾಕಬೇಡಿ. ಆ ಐದು ಉದ್ದಗಳನ್ನ ಹಳೇ ಶಾಫ್ಟ್‌ನಲ್ಲಿ ಅಳೆದು ಹಾಳೆ ಮೇಲೆ ತಿದ್ದಿ. ಬೇರಿಂಗ್ ಜಾಗದ ದಪ್ಪ ಮಾತ್ರ ಹಳೇದರಿಂದ ತಗೋಬೇಡಿ, ಅದು ಸವೆದಿರುತ್ತೆ.

ಇನ್ನು 25 k6. ಜಾಸ್ತಿ ಶಾಫ್ಟ್ ಕೆಡೋದು ಇಲ್ಲೇ. 25ರ ಶಾಫ್ಟ್‌ಗೆ k6 ಅಂದರೆ ದಪ್ಪ 25.002ಕ್ಕಿಂತ ಕಡಿಮೆ ಇರಬಾರದು, 25.015 ದಾಟಬಾರದು. 6205ರ ಒಳಗಿನ ತೂತು 25.000 ಇರುತ್ತೆ, ಇಲ್ಲ ಅದಕ್ಕಿಂತ 10 ಮೈಕ್ರಾನ್ ತನಕ ಸಣ್ಣ ಇರುತ್ತೆ. ಹಾಗಾಗಿ ಯಾವ ಬೇರಿಂಗ್ ತಂದರೂ ಶಾಫ್ಟೇ ಸ್ವಲ್ಪ ದಪ್ಪ. ಬಿಗಿ ಕಡಿಮೆ ಅಂದರೆ 2 ಮೈಕ್ರಾನ್, ಹೆಚ್ಚು ಅಂದರೆ 25. ಬೆಲ್ಟ್ ಎಳೆಯುವಾಗ ಒಳ ರಿಂಗ್ ಶಾಫ್ಟ್ ಮೇಲೆ ಜಾರಬಾರದು ಅನ್ನೋದಕ್ಕೆ ಈ ಬಿಗಿ.

"ಕರೆಕ್ಟ್ 25 ಮಾಡಿಸಿ, ಲೂಸ್ ಆದರೆ ಸೆಂಟರ್ ಪಂಚ್ ಹೊಡೆದರೆ ಆಯ್ತು" ಅಂತ ಬಂಗಾರಪೇಟೆ ಅಣ್ಣ ಬರೆದಿದ್ದಾರೆ. ಬಿಗಿ ಬೇಕು ಅನ್ನೋದು ಅವರಿಗೆ ಗೊತ್ತಿದೆ, ದಾರಿ ಮಾತ್ರ ಸರಿ ಇಲ್ಲ. ಪಂಚ್ ಹೊಡೆದಾಗ ಬೇರಿಂಗ್ ಕೂರೋದು ಎದ್ದಿರೋ ಆ ಚುಕ್ಕಿಗಳ ತುದಿ ಮೇಲೆ. ಲೋಡ್ ಬಿದ್ದ ಮೇಲೆ ತುದಿಗಳು ಸವೆದು ಒಳ ರಿಂಗ್ ನಿಧಾನಕ್ಕೆ ಶಾಫ್ಟ್ ಸುತ್ತ ತೆವಳೋಕೆ ಶುರು ಮಾಡುತ್ತೆ. ಬೇರಿಂಗ್ ಬಿಚ್ಚಿದಾಗ ಕೂರುವ ಜಾಗದಲ್ಲಿ ಕೆಂಪು ಕಂದು ಪುಡಿ ಕಂಡರೆ ಆಗಿರೋದು ಅದೇ. ನಿಮ್ಮ ಹಳೇ ಶಾಫ್ಟ್‌ನಲ್ಲಿ ಆ ಪುಡಿ ಇತ್ತಾ ಅಂತ ಒಮ್ಮೆ ನೋಡಿ ಹೇಳಿ.

ಬಿಗಿ ಜಾಸ್ತಿ ಆದರೂ ತೊಂದರೆ. ಯಾರೋ ಶಾಫ್ಟನ್ನ 25.04 ಮಾಡಿದರು ಅಂದುಕೊಳ್ಳಿ. ತೂತು 24.995 ಇದ್ದರೆ ಬಿಗಿ 45 ಮೈಕ್ರಾನ್. ಒತ್ತಿ ಕೂರಿಸಿದಾಗ ಒಳ ರಿಂಗ್ ಹಿಗ್ಗುತ್ತೆ. ಸಾಮಾನ್ಯ 6205ರಲ್ಲಿ ಬಾಲ್‌ಗಳಿಗೆ ಇರೋ ಸಡಿಲ ಬರೀ 5ರಿಂದ 20 ಮೈಕ್ರಾನ್, ಅದೆಲ್ಲ ಮುಗಿದುಹೋಗುತ್ತೆ. ಕೂರಿಸಿದ ಮೇಲೆ ಹೊರ ರಿಂಗನ್ನ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಹಿಡಿದ ಹಾಗಾದರೆ ಓಡಿಸಬೇಡಿ, ಕಾದು ಹೋಗುತ್ತೆ.

ಅಳೆಯೋದು ಹೇಗೆ ಅನ್ನೋದೇ ಕಷ್ಟದ ಭಾಗ. ಅಂಗಡಿಯ ವರ್ನಿಯರ್ 0.02 ಓದುತ್ತೆ. ನಮಗೆ ಬೇಕಿರೋ ಜಾಗ ಇಡೀ 0.013. ವರ್ನಿಯರ್‌ನಲ್ಲಿ 25.00 ಬಂದರೂ 25.02 ಬಂದರೂ ಶಾಫ್ಟ್ ಸರಿ ಇದೆಯೋ ಇಲ್ಲವೋ ಗೊತ್ತಾಗಲ್ಲ. ಮೈಕ್ರೋಮೀಟರ್ ಬೇಕು, ಅದೂ 25ರಿಂದ 50ರದ್ದು. ಸಣ್ಣ ಅಂಗಡಿಗಳಲ್ಲಿ ಎಷ್ಟೋ ಕಡೆ ಸೊನ್ನೆಯಿಂದ 25ರದ್ದು ಮಾತ್ರ ಇರುತ್ತೆ, ಅದು ಸರಿಯಾಗಿ 25ಕ್ಕೇ ನಿಂತುಹೋಗುತ್ತೆ. ಕೆಲಸ ಕೊಡುವ ಮುಂಚೆ ಇದನ್ನ ಕೇಳಿ. ಜೊತೆಗೆ ಬರೋ 25ರ ಕಡ್ಡಿ ಹಿಡಿದು ಸೊನ್ನೆ ಸರಿ ಇದೆಯಾ ಅಂತ ಅವರ ಕೈಯಲ್ಲೇ ನೋಡಿಸಿ.

ಟರ್ನರ್‌ಗೆ "ಕೆ ಸಿಕ್ಸ್" ಅಂತ ಬಾಯಲ್ಲಿ ಹೇಳಬೇಡಿ. ಸಣ್ಣಕ್ಷರ ಶಾಫ್ಟ್‌ಗೆ, ದೊಡ್ಡಕ್ಷರ ತೂತಿಗೆ, ಬಾಯಿಮಾತಲ್ಲಿ ಆ ವ್ಯತ್ಯಾಸ ಉಳಿಯಲ್ಲ. ಚೀಟಿಯಲ್ಲಿ "25.002ರಿಂದ 25.015, ಗುರಿ 25.01" ಅಂತ ಬರೆದುಕೊಡಿ. 25.01 ಮೈಕ್ರೋಮೀಟರ್‌ನಲ್ಲಿ ಒಂದು ಗೆರೆ, ಸಾಲದ್ದಕ್ಕೆ ಆ ಕಿಂಡಿಯ ಹೆಚ್ಚು ಕಡಿಮೆ ಮಧ್ಯಕ್ಕೇ ಬರುತ್ತೆ. ಇನ್ನೊಂದು ಮಾತು: ಕಟಿಂಗ್ ಮುಗಿದ ತಕ್ಷಣ ಅಳೆಯಬಾರದು. ಶಾಫ್ಟ್ 20 ಡಿಗ್ರಿ ಬಿಸಿ ಜಾಸ್ತಿ ಇದ್ದರೆ 25ರಲ್ಲಿ ಸುಮಾರು 6 ಮೈಕ್ರಾನ್ ದಪ್ಪ ತೋರಿಸುತ್ತೆ. ಬಿಸಿಯಲ್ಲಿ 25.005 ಇದ್ದದ್ದು ತಣ್ಣಗಾದ ಮೇಲೆ 25ಕ್ಕಿಂತ ಕೆಳಗೆ ಬಿದ್ದಿರುತ್ತೆ. ತಣ್ಣಗಾಗಲಿ, ಆಮೇಲೆ ಕೂರುವ ಜಾಗದ ಎರಡೂ ಅಂಚಿನಲ್ಲಿ ಅಳೆಯಲಿ. ಎಮರಿ ಪೇಪರ್ ಹಿಡಿದು ತಂದ ಅಳತೆ ಆದರೆ ಒಂದು ಅಂಚು ಸಣ್ಣ ಆಗಿರೋದು ಮಾಮೂಲಿ. ಸಾಧ್ಯವಾದರೆ 0.3 ಬಿಟ್ಟು ಗ್ರೈಂಡಿಂಗ್‌ಗೆ ಕೊಡಿ, ಖರ್ಚು ಸ್ವಲ್ಪ ಹೆಚ್ಚಾದರೂ ನಾನು ಅದನ್ನೇ ಹೇಳ್ತೀನಿ.

ಕೀ ವೇ ಬಗ್ಗೆ ನೀವು ಕೇಳಿಲ್ಲ, ಆದರೆ ಅಲ್ಲೊಂದು ಅಳತೆ ಎಲ್ಲರನ್ನೂ ಎಡವಿಸುತ್ತೆ. ಪುಲ್ಲಿ ತುದಿ 24, ಕೀ ವೇ ಅಗಲ 8. ಅಡ್ಡ ಕೊಯ್ದು ತೋರಿಸಿದ ಚಿತ್ರದಲ್ಲಿ 20 ಅಂತಿದೆ, ಅದರ ಪಕ್ಕ ಮೇಲೆ 0, ಕೆಳಗೆ −0.2. ಈ 20 ಆಳ ಅಲ್ಲ. ಶಾಫ್ಟ್‌ನ ಎದುರು ಬದಿಯಿಂದ ಕೀ ವೇ ತಳದ ತನಕ. ಕೊರೆದ ಮೇಲೆ ಮೇಲಿನ ದುಂಡು ಹೋಗಿಬಿಡುತ್ತೆ, ಅಲ್ಲಿಂದ ಅಳೆಯೋಕೆ ಏನೂ ಉಳಿದಿರಲ್ಲ, ಅದಕ್ಕೇ ಹೀಗೆ ಕೊಡೋದು. ಆಳ 4 ತಾನೇ ಅಂತ ಕೀ ವೇ ಅಂಚಿನಿಂದ 4 ಇಳಿಸಿದರೆ ಕೆಡುತ್ತೆ. 24ರ ದುಂಡಿನಲ್ಲಿ 8 ಅಗಲದ ಅಂಚು ನೆತ್ತಿಗಿಂತ ಆಗಲೇ 0.7ರಷ್ಟು ಕೆಳಗಿರುತ್ತೆ. ನಿಜವಾದ ಆಳ 4.7 ಆಗುತ್ತೆ. 7 ಎತ್ತರದ ಕೀ ಅಷ್ಟು ಒಳಗೆ ಇಳಿದು ಪುಲ್ಲಿಗೆ ಸಿಗೋದು 3ರ ಬದಲು 2.3. ಮೇವು ಸಿಕ್ಕಿಕೊಂಡು ಜರ್ಕ್ ಹೊಡೆದಾಗ ಪುಲ್ಲಿ ಕಡೆ ಅಂಚು ಉರುಳಿ ಹೋಗುತ್ತೆ.

ಶ್ರೀನಿವಾಸಪುರದವರು "ನಮ್ಮ ಮೆಷಿನ್‌ನಲ್ಲಿ ಬೇರಿಂಗ್ ಕೈಯಲ್ಲೇ ಜಾರಿ ಕೂರುತ್ತೆ, k6 ಗಿಕೆ6 ಏನೂ ಬೇಡ" ಅಂದಿದ್ದಾರೆ. ಅವರ ಫೋಟೋದಲ್ಲಿರೋದು ಗ್ರಬ್ ಸ್ಕ್ರೂ ಇರೋ ಪಿಲ್ಲೋ ಬ್ಲಾಕ್, UCP205 ಥರದ್ದು. ಅದರಲ್ಲಿ ಶಾಫ್ಟ್ ಹಿಡಿಯೋದು ಸ್ಕ್ರೂ. ಅದಕ್ಕೆ k6 ಮಾಡಿಸಿದರೆ ಸಲೀಸಾಗಿ ಏರಲ್ಲ, 25ಕ್ಕಿಂತ ಒಂದೆರಡು ಗೆರೆ ಕಡಿಮೆಯೇ ಸರಿ. ನಿಮ್ಮದರಲ್ಲೂ ಗ್ರಬ್ ಸ್ಕ್ರೂ ಇದೆಯಾ, ಇಲ್ಲ ಬೀಡಿನ ಹೌಸಿಂಗ್ ಒಳಗೆ ನಿಜವಾದ 6205 ಇದೆಯಾ ಅಂತ ಮೊದಲು ನೋಡಿ. ನಾನು ಬರೆದಿದ್ದೆಲ್ಲ ಎರಡನೇದಕ್ಕೆ.

ಹಳೇ ಶಾಫ್ಟ್‌ಗೇ ವೆಲ್ಡಿಂಗ್ ತುಂಬಿಸಿ ಮತ್ತೆ ತಿರುಗಿಸಿದರೆ ಆಗಲ್ವಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಅದು ಯಾವ ಸ್ಟೀಲ್ ಅನ್ನೋದರ ಮೇಲೆ ಹೋಗುತ್ತೆ. ವೆಲ್ಡ್ ಬಿಸಿಗೆ ಶಾಫ್ಟ್ ಬಾಗುತ್ತೆ, ಸ್ಟೀಲ್ ಗಟ್ಟಿ ಜಾತಿಯದಾದರೆ ಮೂಲೆಯಲ್ಲಿ ಸೀಳೂ ಬರಬಹುದು. ಬ್ಲೇಡ್ ಇರೋ ಚಕ್ರ ಹೊತ್ತು ತಿರುಗೋ ಶಾಫ್ಟ್‌ಗೆ ನಾನು ಹೊಸ ರಾಡೇ ಹಾಕಿಸೋದು. ಚೆನ್ನಾಗಿ ವೆಲ್ಡ್ ಮಾಡಿ ಓಡಿಸ್ತಿರೋರು ಗುಂಪಿನಲ್ಲಿದ್ದರೆ ಯಾವ ರಾಡ್, ವೆಲ್ಡ್ ಮುಂಚೆ ಎಷ್ಟು ಬಿಸಿ ಮಾಡಿದ್ರಿ ಅಂತ ಇಲ್ಲೇ ಬರೆಯಿರಿ. ನೀವು ಹೌಸಿಂಗ್ ಫೋಟೋ, ಹಳೇ ಶಾಫ್ಟ್‌ನ ಆ ಐದು ಉದ್ದ ಹಾಕಿ. ಟರ್ನರ್‌ಗೆ ಕೊಡೋ ಚೀಟಿ ಒಟ್ಟಿಗೆ ಬರೆಯೋಣ.