ಶುಲ್ಕ ಎರಡು ಸಲ ಕಟ್ ಆಗಿದ್ದರೆ ಬ್ಯಾಂಕಿಗೆ ಓಡುವ ಮೊದಲು

"ಜಮೀನು ಅಳತೆ ಅರ್ಜಿಗೆ ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿದೆ. ಪೇಜ್ ಮುಂದೆ ಹೋಗಲಿಲ್ಲ ಅಂತ ಮತ್ತೆ ಕಟ್ಟಿದೆ. ಎರಡು ಸಲ ದುಡ್ಡು ಹೋಗಿದೆ, ರಸೀದಿ ಮಾತ್ರ ಒಂದೇ. ವಾಪಸ್ ಬರುತ್ತಾ?"

ಬರುತ್ತದೆ ಸರ್, ಆದರೆ ದುಡ್ಡು ಈಗ ಯಾರ ಹತ್ತಿರ ಇದೆ ಅಂತ ಮೊದಲು ಗೊತ್ತಾಗಬೇಕು. ನೀವು ಎರಡು ಸಲ ಪೇ ಒತ್ತಿದಾಗ ಎರಡು ಬೇರೆ ಬೇರೆ ವಹಿವಾಟು ಸಂಖ್ಯೆ ಹುಟ್ಟಿರುತ್ತವೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಆ ಎರಡು ಸಾಲನ್ನೂ ಹುಡುಕಿ, ಸಂಖ್ಯೆ, ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ. ಆಮೇಲೆ ಇಲಾಖೆಯ ಪೋರ್ಟಲ್‌ನಲ್ಲಿ ಪಾವತಿ ಸ್ಥಿತಿ ನೋಡುವ ಜಾಗದಲ್ಲಿ ಎರಡನ್ನೂ ಹಾಕಿ ನೋಡಿ. ಅಲ್ಲಿ ಬ್ಯಾಂಕಿನ ಸಂಖ್ಯೆ ಹಿಡಿಯದಿದ್ದರೆ ಪಾವತಿ ಮಾಡುವಾಗ ಬಂದ ಮೆಸೇಜ್ ಅಥವಾ ಮೇಲ್‌ನಲ್ಲಿರುವ ಸಂಖ್ಯೆ ಹಾಕಿ, ಬ್ಯಾಂಕಿನ ಸಂಖ್ಯೆ, ಈ ಸಂಖ್ಯೆ ಎರಡೂ ಒಂದೇ ಅಲ್ಲ.

ಒಂದು ಸಕ್ಸೆಸ್, ಇನ್ನೊಂದು ಫೇಲ್ ಅಥವಾ ಪೆಂಡಿಂಗ್ ಅಂತ ಬಂದರೆ ಆ ಇನ್ನೊಂದರ ದುಡ್ಡು ಬಹುಶಃ ಇಲಾಖೆಗೆ ಹೋಗೇ ಇಲ್ಲ, ನಡುವೆ ನಿಂತಿದೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗೇ ಖಾತೆಗೆ ಬರುತ್ತದೆ. ಬರದಿದ್ದರೆ ಆಗ ಬ್ಯಾಂಕಿಗೆ ದೂರು ಕೊಡಿ.

ಎರಡೂ ಸಕ್ಸೆಸ್ ಇದ್ದರೆ ದುಡ್ಡು ಸರ್ಕಾರದ ಖಾತೆಗೆ ಸೇರಿದೆ. ಈ ಪ್ರಶ್ನೆಗೆ ಮೇಲೆ ಒಬ್ಬರು "ಬ್ಯಾಂಕಿನಲ್ಲಿ ಡಿಸ್ಪ್ಯೂಟ್ ಹಾಕಿಬಿಡಿ" ಅಂದಿದ್ದಾರೆ, ಅಂದರೆ ಈ ಪಾವತಿ ಒಪ್ಪಲ್ಲ ಅಂತ ಬ್ಯಾಂಕಿಗೇ ಹೇಳಿ ದುಡ್ಡು ವಾಪಸ್ ಕೇಳೋದು. ಕಾರ್ಡಿನಲ್ಲಿ ಕಟ್ಟಿದ್ದರೆ ಅದೂ ಒಂದು ದಾರಿ ಅನ್ನೋದು ನಿಜ, ಆದರೆ ಅವಸರ ಬೇಡ. ಮೊತ್ತ ಒಂದೇ, ದಿನ ಒಂದೇ. ತಪ್ಪಿ ಅರ್ಜಿಗೆ ಜೋಡಿಸಿದ ಪಾವತಿಯನ್ನೇ ವಾಪಸ್ ಎಳೆದುಬಿಟ್ಟರೆ ನಿಮ್ಮ ಅರ್ಜಿ ಶುಲ್ಕ ಕಟ್ಟಿಲ್ಲ ಅಂತ ನಿಂತುಹೋಗುತ್ತದೆ. ಮೊದಲು ಇಲಾಖೆಗೇ ಬರೆಯಿರಿ. ಪತ್ರ ಹೀಗಿದ್ದರೆ ಸಾಕು: "ಈ ಅರ್ಜಿ ಸಂಖ್ಯೆಗೆ ಮೊದಲನೇ ಪಾವತಿ ಜೋಡಣೆಯಾಗಿದ್ದು ರಸೀದಿ ಬಂದಿದೆ. ಅದೇ ದಿನ ನಾಲ್ಕು ನಿಮಿಷದ ನಂತರ ಆದ ಎರಡನೇ ಪಾವತಿ ಯಾವ ಅರ್ಜಿಗೂ ಬಳಕೆಯಾಗಿಲ್ಲ. ಆ ಮೊತ್ತವನ್ನು ಮರಳಿಸಿ." ಎರಡೂ ಸಂಖ್ಯೆ ಬರೆದು, ಯಾವುದು ವಾಪಸ್ ಬೇಕು ಅಂತ ಸ್ಪಷ್ಟವಾಗಿ ಹೇಳಿ. ರಸೀದಿ ಮತ್ತು ಸ್ಟೇಟ್‌ಮೆಂಟ್‌ನ ಆ ಪುಟ ಲಗತ್ತಿಸಿ, ಸ್ವೀಕೃತಿ ತಗೊಳ್ಳಿ. ಎರಡನೇ ದುಡ್ಡು ಬೇರೆಲ್ಲೂ ಬಳಕೆ ಆಗಿಲ್ಲ ಅಂತ ಅವರು ಲೆಕ್ಕದಲ್ಲಿ ತಾಳೆ ನೋಡಿ ಮಂಜೂರು ಮಾಡಬೇಕು, ತಡ ಆಗೋದು ಅಲ್ಲೇ.

ಇನ್ನೊಂದು ಮುಖ್ಯವಾದ್ದು. ಎರಡನೇ ಸಲ ಕಟ್ಟುವಾಗ ಹೊಸ ಅರ್ಜಿಯನ್ನೇ ತುಂಬಿದ್ದಿರಾ? ಹಾಗಿದ್ದರೆ ಎರಡು ಅರ್ಜಿ ಸಂಖ್ಯೆ ಇರುತ್ತವೆ, ಎರಡನೇ ಪಾವತಿ ಬಳಕೆ ಆದ ಹಾಗೇ ಕಾಣುತ್ತದೆ. ಯಾರಾದರೂ ಅದರ ಮೇಲೆ ಕೆಲಸ ಶುರು ಮಾಡುವ ಮೊದಲೇ ಆ ಅರ್ಜಿ ಹಿಂಪಡೆಯಿರಿ.

ಬೇರೆಯವರ ಕಾರ್ಡಿನಿಂದ ಕಟ್ಟಿಸಿದ್ದರೆ ದುಡ್ಡು ಸಾಮಾನ್ಯವಾಗಿ ಅವರ ಖಾತೆಗೇ ಹೋಗುತ್ತದೆ, ಈಗಲೇ ಅವರಿಗೆ ಹೇಳಿಡಿ. ಪಾವತಿಗೆ ಸೇರಿಸಿ ಹಿಡಿದ ಸಣ್ಣ ಸೇವಾ ಶುಲ್ಕ ಎಲ್ಲ ಕಡೆ ವಾಪಸ್ ಕೊಡಲ್ಲ.

ಅರ್ಜಿ ತಿರಸ್ಕಾರ ಆಗಿದೆ, ದುಡ್ಡು ಬೇಕು ಅಂತ ಕೇಳಿದ ಅಕ್ಕ, ನಿಮ್ಮದು ಬೇರೆ ವಿಷಯ. ನೀವು ಕಟ್ಟಿದ್ದು ಒಂದೇ ಸಲ, ಅಲ್ವಾ? ಅದು ಆ ಸೇವೆಯ ನಿಯಮದ ಮೇಲೆ ಹೋಗುತ್ತದೆ, ತಿರಸ್ಕಾರದ ಆದೇಶದ ಪ್ರತಿ ಇಲ್ಲಿ ಹಾಕಿ, ನೋಡೋಣ. ಹೆಸರು, ವಿಳಾಸ ಮುಚ್ಚಿ ಹಾಕಿ.