ಬೇರೆ ಕಂಪನಿಯ ಸೋಲಾರ್ ಪ್ಲಗ್ ಜೋಡಿಸಬಹುದೇ?

ತೀರ್ಥಹಳ್ಳಿ ಮನೆಯ ಸೋಲಾರ್‌ನಲ್ಲಿ ಪ್ಯಾನೆಲ್ ಪ್ಲಗ್ ಒಂದು ಕಂಪನಿಯದು, ವೈರಿನದು ಇನ್ನೊಂದು. ಕ್ಲಿಕ್ ಅಂತ ಕೂತಿದೆ, ಸಾಕಲ್ವಾ?

ಸಾಲದು. ಎರಡೂ ಸೋಲಾರ್‌ಗೆ ಸಾಮಾನ್ಯವಾಗಿ ಬಳಸುವ ಎಂಸಿ4 ಆಕಾರದ ಪ್ಲಗ್ಗುಗಳೇ ಆದರೂ ಒಳಗಿನ ಪಿನ್ನಿನ ಅಳತೆ, ಲೇಪನ, ರಬ್ಬರ್ ಸೀಲು ಬೇರೆಬೇರೆ. ಹಿಡಿತ ಸಡಿಲವಿದ್ದಲ್ಲಿ ನಮ್ಮ ಮಳೆಗಾಲದ ತೇವವೂ ಸೇರಿ ಪಿನ್ನು ಕಿಲುಬು ಹಿಡಿಯುತ್ತದೆ, ರೋಧ ಏರುತ್ತದೆ. 10 ಆಂಪಿಯರ್ ಹರಿಯುವಾಗ ಅರ್ಧ ಓಮ್ ರೋಧವಿದ್ದರೆ ಆ ಪುಟ್ಟ ಪ್ಲಗ್ಗಿನಲ್ಲೇ 50 ವ್ಯಾಟ್ ಶಾಖ. ಪ್ಲಾಸ್ಟಿಕ್ ಕಂದಾಗಿ ಕರಗುತ್ತದೆ. ಆಮೇಲೆ ಹೊತ್ತುವ ಡಿಸಿ ಕಿಡಿ ಸುಲಭಕ್ಕೆ ಆರುವುದಿಲ್ಲ.

ವೈರಿನ ಕಡೆಗೆ ಪ್ಯಾನೆಲ್‌ನದೇ ಕಂಪನಿಯ, ಅದೇ ಮಾದರಿಯ ಪ್ಲಗ್ ಹಾಕಿಸಿ. ಪ್ಲಗ್ಗಿನ ಪಿನ್ನನ್ನು ವೈರಿಗೆ ಕೂರಿಸುವಾಗ ಇಕ್ಕಳದಲ್ಲಿ ಜಜ್ಜಲು ಬಿಡಬೇಡಿ. ವೈರ್ 4 ಚದರ ಮಿ.ಮೀ. ಆಗಿದ್ದರೆ ಕ್ರಿಂಪಿಂಗ್ ಟೂಲಿನ ಅದೇ ಅಳತೆಯ ಅಚ್ಚಿನಲ್ಲೇ ಒತ್ತಬೇಕು. ಒಂದೆಳೆಯೂ ಹೊರಗುಳಿಯಬಾರದು, ಜಗ್ಗಿದರೆ ಜಾರಬಾರದು. ಇನ್ವರ್ಟರ್ ಆಫ್ ಮಾಡದೆ ಪ್ಲಗ್ ಬಿಚ್ಚಲೇಬೇಡಿ; ಆಫ್ ಮಾಡಿದರೂ ಬಿಸಿಲಿದ್ದಷ್ಟು ಹೊತ್ತು ಪ್ಯಾನೆಲ್‌ನಲ್ಲಿ ವೋಲ್ಟೇಜ್ ಇರುತ್ತದೆ.